ಸಾಲು ಸಾಲಿಗೂ ಅಗಲವಾಗುವ ಕ್ರೋಶ ಚಾದರ: ಅಂಚು ನೆಟ್ಟಗಾಗಲು ಏನು ಮಾಡಬೇಕು

ಚಾದರ ಶುರು ಮಾಡಿದಾಗ ಚೌಕಾಗಿಯೇ ಇರುತ್ತದೆ. ಹತ್ತು ಹದಿನೈದು ಸಾಲು ಆದ ಮೇಲೆ ನೆಲಕ್ಕೆ ಹಾಸಿ ನೋಡಿದರೆ ಕೆಳಗೆ ಸಣ್ಣ, ಮೇಲೆ ದೊಡ್ಡ. ಎರಡೂ ಅಂಚು ಹೊರಗೆ ಓಡುತ್ತಿರುತ್ತವೆ. ಬೆಳಗಾವಿಯಲ್ಲಿ ಮಳೆ ಹಿಡಿದುಕೊಂಡಾಗ ಮನೆಯೊಳಗೆ ಕೂತು ಉಲ್ಲನ್ ಕೆಲಸ ಹಿಡಿಯುವವರು ಬಹಳ. ಅವರು ನನ್ನ ಹತ್ತಿರ ತರುವ ದೂರುಗಳಲ್ಲಿ ಇದೇ ಜಾಸ್ತಿ.

ನಮ್ಮ ಟಿಳಕವಾಡಿ ಮನೆಯ ಪಕ್ಕದ ವೈನಿ ಮೊಮ್ಮಗುವಿಗೆ ಅಂತ ಹಾಕುತ್ತಿದ್ದ ಚಾದರವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. "ನಾ ಒಂದೂ ಜಾಸ್ತಿ ಹಾಕಿಲ್ಲವಾ, ತಾನ ಅಗಲ ಆಕ್ಕೋತ ಹೊಂಟೈತಿ" ಅಂತ ಹಿಡಿದುಕೊಂಡು ಬಂದಿದ್ದರು. ಅವರದು ಸಾದಾ ಚಾದರ, ಬರೀ ಡಬಲ್ ಕ್ರೋಶ. ನಮ್ಮ ಕಡೆ ಇದಕ್ಕೆ ಕಂಬ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಮೊದಲ ಸಾಲಿಗೆ 98 ಕಂಬ, ಅಗಲ 70 ಸೆಂಟಿಮೀಟರ್. ಅಂದರೆ 10 ಸೆಂಟಿಮೀಟರಿಗೆ 14 ಕಂಬ. ನನ್ನ ಹತ್ತಿರ ತಂದಾಗ 24 ಸಾಲು ಆಗಿತ್ತು. ಮೇಲಿನ ಅಗಲ ಅಳೆದರೆ ಸುಮಾರು 83 ಸೆಂಟಿಮೀಟರ್.

ಮೊದಲು ಎಣಿಸಿ, ಆಮೇಲೆ ಬಿಚ್ಚುವ ಮಾತು

ಅಗಲವಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣ ಇರುತ್ತವೆ. ಒಂದೋ ಕಂಬಗಳ ಸಂಖ್ಯೆ ಜಾಸ್ತಿಯಾಗಿದೆ, ಇಲ್ಲವೇ ಸಂಖ್ಯೆ ಅಷ್ಟೇ ಇದ್ದು ಕೈ ಸಡಿಲಾಗಿದೆ. ಇವೆರಡಕ್ಕೂ ಮದ್ದು ಬೇರೆ ಬೇರೆ. ಕಾರಣ ತಿಳಿಯದೆ ಬಿಚ್ಚಿದರೆ ಮತ್ತೆ ಅದೇ ಆಗುತ್ತದೆ.

ಹಾಗಾಗಿ ಚಾದರವನ್ನು ಮೇಜಿನ ಮೇಲೆ ಎಳೆಯದೆ ಹಾಸಿ. ಮೊದಲ ಸಾಲು ಎಣಿಸಿ, ಕೊನೆಯ ಸಾಲು ಎಣಿಸಿ. ಕಂಬದ ಕಾಲುಗಳನ್ನು ಎಣಿಸುವುದು ಸುಲಭ. ತಲೆಯ ಮೇಲಿನ ಜಡೆಯಂಥ ಕುಣಿಕೆಗಳನ್ನು ಎಣಿಸಲು ಹೋದರೆ ತುದಿಯಲ್ಲಿ ಗೊಂದಲವಾಗುತ್ತದೆ. ಪ್ರತಿ ಇಪ್ಪತ್ತಕ್ಕೊಂದು ಪಿನ್ನು ಸಿಕ್ಕಿಸಿಕೊಂಡು ಹೋಗಿ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಶುರು ಮಾಡಬೇಕಾಗುವುದಿಲ್ಲ.

ವೈನಿಯವರ ಮೊದಲ ಸಾಲಿನಲ್ಲಿ 98, ಇಪ್ಪತ್ನಾಲ್ಕನೇ ಸಾಲಿನಲ್ಲಿ 116 ಬಂತು. ಹದಿನೆಂಟು ಕಂಬ ಜಾಸ್ತಿ. 116 ಕಂಬಕ್ಕೆ 83 ಸೆಂಟಿಮೀಟರ್ ಅಂದರೆ ಮೇಲೂ 10 ಸೆಂಟಿಮೀಟರಿಗೆ 14ರ ಲೆಕ್ಕವೇ. ಕೈಯ ಬಿಗಿ ಬದಲಾಗಿಲ್ಲ, ಸಂಖ್ಯೆ ಮಾತ್ರ ಬೆಳೆದಿದೆ. ಹಾಗಾದರೆ ತಪ್ಪು ಅಂಚಿನಲ್ಲಿದೆ.

ನಿಮ್ಮ ಎಣಿಕೆ ಕೆಳಗೂ ಮೇಲೂ ಒಂದೇ ಬಂದರೆ ಅಂಚಿನ ತಂಟೆಗೆ ಹೋಗಬೇಡಿ. ಕೆಳಗಿನ ಸಾಲುಗಳ ಮೇಲೆ ಸ್ಕೇಲ್ ಇಟ್ಟು 10 ಸೆಂಟಿಮೀಟರಿನಲ್ಲಿ ಎಷ್ಟು ಕಂಬ ಇವೆ ನೋಡಿ, ಮೇಲೂ ನೋಡಿ. ಕೆಳಗೆ 14, ಮೇಲೆ 13 ಅಂದರೆ ಕೈ ಸಡಿಲವಾಗಿದೆ. ಅಷ್ಟು ಸಣ್ಣ ವ್ಯತ್ಯಾಸಕ್ಕೇ 98 ಕಂಬದ ಚಾದರ 70ರಿಂದ 75 ಸೆಂಟಿಮೀಟರಿಗೆ ಹೋಗುತ್ತದೆ. ಸಡಿಲಾದ ಭಾಗ ಬಿಚ್ಚಿ, ಅರ್ಧ ಮಿಲಿಮೀಟರ್ ಸಣ್ಣ ಕಡ್ಡಿಯಲ್ಲಿ ಮತ್ತೆ ಹಾಕಿದರೆ ಸಾಕು. ಇನ್ನು ಕೆಳಗಿನ ಒಂದೆರಡು ಸಾಲು ಮಾತ್ರ ಬಿಗಿದು, ಅಲ್ಲಿಂದ ಮೇಲೆ ನೆಟ್ಟಗಿದ್ದರೆ ತಳದ ಚೈನು ಬಿಗಿಯಾಗಿದೆ ಅಂತ ಅರ್ಥ. ಮುಂದಿನ ಸಲ ಚೈನಿಗೆ ಮಾತ್ರ ಒಂದು ನಂಬರ್ ದೊಡ್ಡ ಕಡ್ಡಿ ಬಳಸಿ. ಇದರ ಬಗ್ಗೆ ಇಷ್ಟು ಸಾಕು. ಹೆಚ್ಚಿನವರ ತೊಂದರೆ ಸಂಖ್ಯೆಯದೇ.

ಆ ಒಂದು ಕಂಬ ಎಲ್ಲಿಂದ ಬರುತ್ತದೆ

ಸಾಲು ಮುಗಿದಾಗ ನಾವು ಮೂರು ಚೈನು ಹಾಕಿ ಚಾದರ ತಿರುಗಿಸುತ್ತೇವೆ. ಆ ಮೂರು ಚೈನು ಒಂದು ಕಂಬದಷ್ಟು ಎತ್ತರ ಇರುತ್ತದೆ. ಪ್ರಶ್ನೆ ಇರುವುದು ಇಲ್ಲೇ: ಅದನ್ನು ಒಂದು ಕಂಬ ಅಂತ ಲೆಕ್ಕಕ್ಕೆ ಹಿಡಿಯಬೇಕೋ, ಬೇಡವೋ?

ಎರಡೂ ಪದ್ಧತಿ ಇವೆ, ಎರಡೂ ಸರಿ.

ಲೆಕ್ಕಕ್ಕೆ ಹಿಡಿಯುವ ಪದ್ಧತಿಯಲ್ಲಿ ಚೈನು ಎದ್ದಿರುವ ಜಾಗಕ್ಕೆ ಆಗಲೇ ಕಂಬ ಬಂದಂತಾಯಿತು. ಅದಕ್ಕೆ ಅಲ್ಲಿ ಕಡ್ಡಿ ಹಾಕದೆ, ಅದರ ಪಕ್ಕದ ಕುಣಿಕೆಯಿಂದ ಶುರು ಮಾಡಬೇಕು. ಸಾಲಿನ ಕೊನೆಗೆ ಬಂದಾಗ ಹಿಂದಿನ ಸಾಲಿನ ಚೈನಿನ ತಲೆಯಲ್ಲಿ, ಅಂದರೆ ಮೂರನೇ ಚೈನಿನಲ್ಲಿ, ಕೊನೆಯ ಕಂಬ ಹಾಕಬೇಕು.

ಲೆಕ್ಕಕ್ಕೆ ಹಿಡಿಯದ ಪದ್ಧತಿಯಲ್ಲಿ ಚೈನು ಬರೀ ಮೇಲೆ ಹತ್ತುವುದಕ್ಕೆ. ಅದರ ಬುಡದ ಕುಣಿಕೆಯಲ್ಲೇ ಮೊದಲ ಕಂಬ ಹಾಕಬೇಕು. ಕೊನೆಯಲ್ಲಿ ಹಿಂದಿನ ಸಾಲಿನ ಚೈನನ್ನು ಮುಟ್ಟಬಾರದು.

ಅಗಲವಾಗುವುದು ಇವೆರಡೂ ಬೆರೆತಾಗ. ಶುರುವಿನಲ್ಲಿ ಬುಡದಲ್ಲೂ ಕಂಬ ಹಾಕಿದಿರಿ, ಕೊನೆಯಲ್ಲಿ ಚೈನಿನ ತಲೆಯಲ್ಲೂ ಹಾಕಿದಿರಿ. ಆಗ ಸಾಲಿಗೆ ಒಂದು ಜಾಸ್ತಿ. ಇದಕ್ಕೆ ಉಲ್ಟಾ ಆದರೆ, ಬುಡವನ್ನೂ ಬಿಟ್ಟು ತಲೆಯನ್ನೂ ಬಿಟ್ಟರೆ, ಚಾದರ ಸಾಲಿಗೊಂದರಂತೆ ಸಣ್ಣದಾಗುತ್ತದೆ.

ವೈನಿಯವರಿಗೆ ಆಗಿದ್ದು ಹೀಗೇ. ಅವರು ತಾಯಿಯಿಂದ ಕಲಿತದ್ದು ಲೆಕ್ಕಕ್ಕೆ ಹಿಡಿಯುವ ಪದ್ಧತಿ. ಆದರೆ ಆ ಪದ್ಧತಿಯಲ್ಲಿ ಚೈನಿನ ಪಕ್ಕ ಸಣ್ಣ ಕಿಂಡಿ ಉಳಿಯುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಯಾವುದೋ ವಿಡಿಯೋದಲ್ಲಿ ಬುಡದಲ್ಲೇ ಕಂಬ ಹಾಕಿದರೆ ಕಿಂಡಿ ಮುಚ್ಚುತ್ತದೆ ಅಂತ ನೋಡಿದರು. ಅದು ಲೆಕ್ಕಕ್ಕೆ ಹಿಡಿಯದ ಪದ್ಧತಿಯ ವಿಡಿಯೋ. ಶುರುವನ್ನು ಅಲ್ಲಿಂದ ತೆಗೆದುಕೊಂಡರು, ಕೊನೆಯನ್ನು ಮಾತ್ರ ತಾಯಿ ಹೇಳಿಕೊಟ್ಟಂತೆಯೇ ಮಾಡಿದರು. ಕಿಂಡಿ ಏನೋ ಮುಚ್ಚಿತು, ಅಂಚು ಓಡಿತು.

ತಪ್ಪು ಪ್ರತಿ ಸಾಲಿನ ಶುರುವಿನಲ್ಲೇ ಆಗುತ್ತಿದ್ದರೂ ಎರಡೂ ಅಂಚು ಯಾಕೆ ಅಗಲವಾಗುತ್ತವೆ ಅಂತ ಕೇಳಬಹುದು. ನಾವು ಪ್ರತಿ ಸಾಲಿಗೂ ಚಾದರ ತಿರುಗಿಸುತ್ತೇವಲ್ಲ. ಒಂದು ಸಾಲು ಬಲಗಡೆಯಿಂದ ಶುರುವಾದರೆ ಮುಂದಿನದು ಎಡಗಡೆಯಿಂದ. ಹದಿನೆಂಟು ಕಂಬ ಹಂಚಿ ಹೋಗಿ ಬಲಕ್ಕೆ ಒಂಬತ್ತು, ಎಡಕ್ಕೆ ಒಂಬತ್ತು ಸೇರಿದ್ದವು. ನಿಮ್ಮ ಚಾದರದಲ್ಲಿ ಒಂದೇ ಬದಿ ಓಡುತ್ತಿದ್ದು ಇನ್ನೊಂದು ನೆಟ್ಟಗಿದ್ದರೆ, ಸಾಲು ಬಿಟ್ಟು ಸಾಲಿಗೆ ತಪ್ಪುತ್ತಿದ್ದೀರಿ. ಚಾದರದ ಮೇಲ್ಮುಖ ನೋಡುವಾಗ ಸರಿಯಾಗಿ ಹಾಕಿ, ಹಿಂಬದಿ ನೋಡುವಾಗ ಬುಡ ಗುರುತಿಸಲು ಆಗದೆ ತಪ್ಪುವವರು ಇದ್ದಾರೆ.

ತಪ್ಪು ಶುರುವಾದ ಸಾಲನ್ನು ಹುಡುಕುವುದು

ಎಲ್ಲ ಸಾಲನ್ನೂ ಎಣಿಸುವ ಅಗತ್ಯ ಇಲ್ಲ. ಅಂಚಿನ ಮೇಲೆ ಉದ್ದದ ಸ್ಕೇಲ್ ನೆಟ್ಟಗೆ ಇಡಿ. ಅಂಚು ಸ್ಕೇಲ್ ಬಿಟ್ಟು ಹೊರಗೆ ಹೊರಳುವ ಜಾಗ ಕಾಣುತ್ತದೆ. ಅದರ ಆಸುಪಾಸಿನ ಎರಡು ಮೂರು ಸಾಲು ಮಾತ್ರ ಎಣಿಸಿ.

ಇನ್ನು ಅಂಚನ್ನೇ ಹತ್ತಿರದಿಂದ ನೋಡಿ. ನಿಮ್ಮದು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಾದರೆ, ಬೆರಳಿನಿಂದ ಸ್ವಲ್ಪ ಅಗಲಿಸಿದಾಗ ಸರಿಯಾದ ಸಾಲಿನಲ್ಲಿ ಚೈನಿನ ತೆಳ್ಳನೆಯ ಕಾಲು ಒಂದು ಕುಣಿಕೆಯಿಂದ ಎದ್ದಿರುತ್ತದೆ, ಪಕ್ಕದ ದಪ್ಪ ಕಂಬ ಇನ್ನೊಂದು ಕುಣಿಕೆಯಿಂದ. ತಪ್ಪಿದ ಸಾಲಿನಲ್ಲಿ ಬುಡ ಒಂದೇ, ಕಾಲು ಎರಡು. ತೆಳ್ಳನೆಯದೂ ದಪ್ಪನೆಯದೂ ಒಂದೇ ತೂತಿನಿಂದ ಕವೆಯಂತೆ ಮೇಲಕ್ಕೆ ಬಿರಿದಿರುತ್ತವೆ. ಕವೆಯ ಎರಡೂ ಕಾಲು ದಪ್ಪವಾಗಿದ್ದು, ಬುಡ ಹಿಂದಿನ ಸಾಲಿನ ಚೈನಿನ ತಲೆಯಲ್ಲಿದ್ದರೆ ತಪ್ಪು ಸಾಲಿನ ಶುರುವಿನದಲ್ಲ, ಕೊನೆಯದು. ಅಲ್ಲಿ ಒಂದರ ಬದಲು ಎರಡು ಕಂಬ ಬಿದ್ದಿದೆ.

ವೈನಿಯವರ ಚಾದರದಲ್ಲಿ ಆರನೇ ಸಾಲಿನವರೆಗೆ ಕವೆ ಇರಲಿಲ್ಲ. ಆರನೆಯದರಲ್ಲಿ 98, ಏಳನೆಯದರಲ್ಲಿ 99. ಏಳರಿಂದ ಇಪ್ಪತ್ನಾಲ್ಕು ಅಂದರೆ ಹದಿನೆಂಟು ಸಾಲು, ಹದಿನೆಂಟು ಕಂಬ. ಲೆಕ್ಕ ಕೂಡಿತು.

ನಿಮ್ಮ ಲೆಕ್ಕ ಹೀಗೆ ಕೂಡದಿದ್ದರೆ, ಅಂದರೆ ಹದಿನೆಂಟು ಸಾಲಿಗೆ ಐದೋ ಆರೋ ಮಾತ್ರ ಜಾಸ್ತಿ ಇದ್ದರೆ, ಪದ್ಧತಿ ಸರಿಯಿದೆ, ನಡುವೆ ಎಲ್ಲೋ ಕಣ್ಣು ತಪ್ಪಿದೆ. ಒಂದೇ ಕುಣಿಕೆಯಲ್ಲಿ ಎರಡು ಸಲ ಕಡ್ಡಿ ಹೋಗಿರಬಹುದು, ಅಥವಾ ಎರಡು ಕಂಬಗಳ ನಡುವಿನ ಸಂದಿಯಲ್ಲಿ ಒಂದು ಕಂಬ ಹಾಕಿರಬಹುದು.

ಬಿಚ್ಚಬೇಕೋ, ಉಳಿಸಿಕೊಳ್ಳಬಹುದೋ

ಮೂರು ನಾಲ್ಕು ಕಂಬ ಜಾಸ್ತಿಯಾಗಿದ್ದರೆ ಬಿಚ್ಚಬೇಡಿ. ಮುಂದಿನ ಸಾಲಿನಲ್ಲಿ ಅಷ್ಟನ್ನೇ ಕಮ್ಮಿ ಮಾಡಿ. ಕಮ್ಮಿ ಮಾಡುವುದು ಅಂಚಿನಲ್ಲಿ ಬೇಡ, ಸಾಲಿನ ನಡುನಡುವೆ ಹಂಚಿ ಮಾಡಿ. 102 ಇದ್ದು 98 ಬೇಕಾದರೆ ಸುಮಾರು ಇಪ್ಪತ್ತು ಕಂಬಕ್ಕೊಂದರಂತೆ ನಾಲ್ಕು ಜಾಗದಲ್ಲಿ ಎರಡನ್ನು ಕೂಡಿಸಿ ಒಂದು ಮಾಡಿದರೆ ಆಯಿತು. ಕೂಡಿಸುವುದು ಹೀಗೆ: ದಾರ ಸುತ್ತಿ ಕುಣಿಕೆಯಲ್ಲಿ ಕಡ್ಡಿ ಹಾಕಿ ದಾರ ಎಳೆದು, ಮತ್ತೆ ದಾರ ಸುತ್ತಿ ಎರಡು ಕುಣಿಕೆಯಿಂದ ದಾಟಿಸಿ. ಕಡ್ಡಿಯ ಮೇಲೆ ಎರಡು ಉಳಿಯುತ್ತವೆ, ಅವನ್ನು ಹಾಗೇ ಬಿಡಿ. ಪಕ್ಕದ ಕುಣಿಕೆಯಲ್ಲೂ ಇಷ್ಟೇ ಮಾಡಿ. ಈಗ ಕಡ್ಡಿಯ ಮೇಲೆ ಮೂರು. ದಾರ ಸುತ್ತಿ ಮೂರರಿಂದಲೂ ಒಂದೇ ಸಲ ಎಳೆದುಕೊಳ್ಳಿ. ತಲೆ ಒಂದೇ ಆಯಿತು.

ಹದಿನೆಂಟು ಕಂಬಕ್ಕೆ ಈ ಉಪಾಯ ನಡೆಯುವುದಿಲ್ಲ. ಒಂದೇ ಸಾಲಿನಲ್ಲಿ ಕಮ್ಮಿ ಮಾಡಿದರೆ ಅಲ್ಲಿ ಬಟ್ಟೆ ನಿರಿಗೆ ಹಿಡಿಯುತ್ತದೆ. ನಿಧಾನಕ್ಕೆ ಸಾಲಿಗೊಂದರಂತೆ ಕಮ್ಮಿ ಮಾಡುತ್ತ ಹೋದರೆ 98ಕ್ಕೆ ಬರಲು ಇನ್ನೂ ಹದಿನೆಂಟು ಸಾಲು ಬೇಕು. ಆಗ ಚಾದರದ ನಡುವೆ ಹೊಟ್ಟೆ ಬರುತ್ತದೆ. ವೈನಿಯವರೂ ಹಾಗೇ ಮಾಡಿ ಮುಗಿಸಬೇಕು ಅಂದಿದ್ದರು. ನಾನು ಬೇಡ ಅಂದೆ. ಹೊಟ್ಟೆ ಬಂದ ಚಾದರ ಮಡಚಿದರೂ ಮೂಲೆ ಕೂಡುವುದಿಲ್ಲ, ಎಷ್ಟು ವರ್ಷ ಹೊದ್ದರೂ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಇನ್ನೆರಡು ಅಡ್ಡದಾರಿಗಳನ್ನು ಜನ ಹಿಡಿಯುತ್ತಾರೆ. ಜಾಸ್ತಿಯಾದ ಅಂಚನ್ನು ಕತ್ತರಿಯಿಂದ ಕತ್ತರಿಸುವುದು ಒಂದು. ದಯವಿಟ್ಟು ಮಾಡಬೇಡಿ. ಪ್ರತಿ ಸಾಲಿನ ದಾರವೂ ತುಂಡಾಗಿ ಅಲ್ಲಿಂದ ಬಿಚ್ಚಿಕೊಳ್ಳುತ್ತ ಬರುತ್ತದೆ. ಇನ್ನೊಂದು, ಒಗೆದು ಎಳೆದು ಇಸ್ತ್ರಿ ಹಾಕಿದರೆ ಸರಿಹೋಗುತ್ತದೆ ಅನ್ನುವುದು. ಇಲ್ಲದ ಅಗಲವನ್ನು ಸ್ವಲ್ಪ ಎಳೆದುಕೊಳ್ಳಬಹುದು, ಇರುವ ಕಂಬವನ್ನು ಇಸ್ತ್ರಿ ಮಾಯ ಮಾಡುವುದಿಲ್ಲ. ಅದೂ ಅಲ್ಲದೆ ಅಂಗಡಿಯಲ್ಲಿ ಉಲ್ಲನ್ ಅಂತ ಸಿಗುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಬಿಸಿ ಇಸ್ತ್ರಿ ತಾಗಿದರೆ ಅದು ಚಪ್ಪಟೆಯಾಗಿ ಜೋಲುತ್ತದೆ, ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ.

ಬಿಚ್ಚುವುದು

ಕ್ರೋಶದಲ್ಲಿ ಒಂದು ಅನುಕೂಲ ಇದೆ. ಸ್ವೆಟರ್ ಹೆಣಿಗೆಯಲ್ಲಿ ಕಡ್ಡಿ ತುಂಬ ಕುಣಿಕೆಗಳಿರುತ್ತವೆ, ಬಿಚ್ಚುವಾಗ ಯಾವುದು ಜಾರುತ್ತದೋ ಅಂತ ಹೆದರಿಕೆ. ಇಲ್ಲಿ ಬಿಚ್ಚಿಕೊಳ್ಳುವ ಕುಣಿಕೆ ಯಾವಾಗಲೂ ಒಂದೇ. ಅದಕ್ಕೆ ಪಿನ್ನು ಹಾಕಿದರೆ ಇಡೀ ಚಾದರ ಭದ್ರ.

ಬಿಚ್ಚುವ ಮುಂಚೆ, ಉಳಿಯಬೇಕಾದ ಕೊನೆಯ ಸಾಲಿನ ಕೊನೆಯ ಕಂಬದ ತಲೆಗೆ ಒಂದು ಸೇಫ್ಟಿ ಪಿನ್ನು ಚುಚ್ಚಿ. ಆ ಸಾಲು ಯಾವ ಬದಿಗೆ ಮುಗಿದಿದೆ ಅಂತ ಗೊತ್ತಾಗದಿದ್ದರೆ ತಳದಲ್ಲಿ ಜೋತುಬಿದ್ದ ದಾರದ ತುದಿ ನೋಡಿ. ಮೊದಲ ಸಾಲು ಆ ಬದಿಗೇ ಮುಗಿದಿರುತ್ತದೆ. ಹಾಗಾಗಿ ಬೆಸ ಸಾಲುಗಳೆಲ್ಲ ತುದಿ ಇರುವ ಬದಿಗೆ, ಸಮ ಸಾಲುಗಳು ಎದುರು ಬದಿಗೆ. ವೈನಿಯವರದು ಆರನೇ ಸಾಲು, ಪಿನ್ನು ಎದುರು ಬದಿಗೆ ಹೋಯಿತು.

ಒಬ್ಬರು ದಾರ ಎಳೆಯುತ್ತ, ಇನ್ನೊಬ್ಬರು ಉಂಡೆ ಸುತ್ತುತ್ತ ಹೋದರೆ ಸಿಕ್ಕಾಗುವುದಿಲ್ಲ. ದಾರವನ್ನು ಬಿಗಿದು ಸುತ್ತಬೇಡಿ. ಜುಂಗು ಬಿದ್ದ ದಾರ ಒಂದಕ್ಕೊಂದು ಹಿಡಿದುಕೊಂಡರೆ ಜಗ್ಗಬೇಡಿ, ಕಡ್ಡಿಯ ತುದಿಯಿಂದ ಬಿಡಿಸಿ. ಪಿನ್ನಿಗೆ ಇನ್ನು ಅರ್ಧ ಸಾಲು ಇದೆ ಅನ್ನುವಾಗ ವೇಗ ಕಮ್ಮಿ ಮಾಡಿ, ಒಂದೊಂದೇ ಕಂಬ ಬಿಚ್ಚಿ. ಪಿನ್ನಿನ ಹತ್ತಿರ ಬಂದ ಮೇಲೆ ಕಡ್ಡಿ ಸಿಕ್ಕಿಸಿ ಆ ಸಾಲನ್ನು ಇನ್ನೊಮ್ಮೆ ಎಣಿಸಿ. 98 ಬಂದರೆ ಮುಂದುವರಿಯಿರಿ.

ಬಿಚ್ಚಿದ ದಾರ ಸುರುಳಿ ಸುರುಳಿ ಆಗಿರುತ್ತದೆ. ಹಾಗೇ ಬಳಸಿದರೆ ಕಂಬಗಳು ಒಂದೊಂದು ಒಂದೊಂದು ಥರ ಕಾಣಬಹುದು. ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ದಾರದಿಂದ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ತೂಗುಹಾಕಿ. ಒಣಗಿದಾಗ ಸುಮಾರಾಗಿ ನೆಟ್ಟಗಾಗಿರುತ್ತದೆ. ಮಳೆಗಾಲದಲ್ಲಿ ಒಣಗಲು ಹೊತ್ತು ಹಿಡಿಯುತ್ತದೆ, ಅದಕ್ಕೆ ಅಷ್ಟರೊಳಗೆ ಉಳಿದ ಹೊಸ ಉಂಡೆಯಿಂದ ಕೆಲಸ ನಡೆಸಿ.

ಮತ್ತೆ ಹಾಕುವಾಗ

ಎರಡರಲ್ಲಿ ಒಂದು ಪದ್ಧತಿ ಆರಿಸಿಕೊಳ್ಳಿ, ಚಾದರ ಮುಗಿಯುವವರೆಗೆ ಅದನ್ನೇ ಹಿಡಿಯಿರಿ.

ಲೆಕ್ಕಕ್ಕೆ ಹಿಡಿಯುವವರು ಮೂರು ಚೈನು ಹಾಕಿದ ಕೂಡಲೇ ಮೂರನೆಯದಕ್ಕೆ ಸಣ್ಣ ಪಿನ್ನು ಸಿಕ್ಕಿಸಿ. ಚಾದರ ತಿರುಗಿಸಿ, ಬುಡದ ಕುಣಿಕೆ ಬಿಟ್ಟು, ಪಕ್ಕದ್ದರಲ್ಲಿ ಕಡ್ಡಿ ಹಾಕಿ. ಚೈನು ಮೊದಲ ಕಂಬ, ಇದು ಎರಡನೆಯದು ಅಂತ ಎಣಿಸಿ. ಮುಂದಿನ ಸಾಲು ಹಾಕಿಕೊಂಡು ಈ ಬದಿಗೆ ಬಂದಾಗ ಪಿನ್ನು ಎಲ್ಲಿದೆಯೋ ಅಲ್ಲೇ ಕೊನೆಯ ಕಂಬ. ಪಿನ್ನು ಇಲ್ಲದಿದ್ದರೆ ಆ ಮೂರನೇ ಚೈನು ಹಿಂದಕ್ಕೆ ಮುದುರಿಕೊಂಡು ಕಣ್ಣಿಗೆ ಬೀಳುವುದೇ ಇಲ್ಲ. ಚಾದರವನ್ನು ಪ್ರತಿ ಸಲ ಒಂದೇ ದಿಕ್ಕಿಗೆ ತಿರುಗಿಸಿದರೆ ಎಲ್ಲ ಚೈನೂ ಒಂದೇ ರೀತಿ ಹೊರಳುತ್ತವೆ, ಹುಡುಕುವುದು ಸುಲಭವಾಗುತ್ತದೆ.

ಕಿಂಡಿ ಬೇಡ ಅನ್ನುವವರಿಗೆ, ವೈನಿಯವರಿಗೂ ಕೂಡ, ನಾನು ಹೇಳುವುದು ಎರಡನೆಯ ಪದ್ಧತಿ. ಎರಡೇ ಚೈನು ಹಾಕಿ ತಿರುಗಿಸಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬುಡದ ಕುಣಿಕೆಯಲ್ಲೇ ಮೊದಲ ಕಂಬ. ಆ ಕಂಬದ ತಲೆಗೆ ಪಿನ್ನು. ಮುಂದಿನ ಸಾಲು ಆ ಪಿನ್ನಿನಲ್ಲಿ ಮುಗಿಯಬೇಕು, ಅದರಾಚೆ ಇರುವ ಎರಡು ಚೈನನ್ನು ಹಾಗೇ ಬಿಡಬೇಕು. ಏನೋ ಒಂದು ಉಳಿದಿದೆ ಅಂತ ಕೈ ಅಲ್ಲಿಗೇ ಹೋಗುತ್ತದೆ, ಹೋಗಗೊಡಬೇಡಿ. ಅಂಚಿನಲ್ಲಿ ಚೈನಿನ ಸಣ್ಣ ಉಬ್ಬು ಕಾಣುತ್ತದೆ. ಬಾರ್ಡರ್ ಹಾಕಿದಾಗ ಅದು ಒಳಗೆ ಸೇರಿಕೊಳ್ಳುತ್ತದೆ.

ಚಾದರದ ನಡುವೆ ಪದ್ಧತಿ ಬದಲಿಸುವುದಾದರೆ, ಬದಲಿಸುವ ಆ ಒಂದು ಸಾಲಿನಲ್ಲಿ ಮಾತ್ರ ಎಚ್ಚರ ಬೇಕು. ಆರನೇ ಸಾಲಿನ ಶುರುವಿನಲ್ಲಿ ಮೂರು ಚೈನು ಕಂಬವಾಗಿ ಲೆಕ್ಕಕ್ಕಿತ್ತು. ಹಾಗಾಗಿ ಏಳನೇ ಸಾಲಿನ ಕೊನೆಯ ಕಂಬವನ್ನು ಅದರ ತಲೆಯಲ್ಲಿ ಹಾಕಲೇಬೇಕು. ಎಂಟನೇ ಸಾಲಿನಿಂದ ಹೊಸ ನಿಯಮ ಪೂರ್ತಿ ನಡೆಯುತ್ತದೆ. ಇದನ್ನು ಮರೆತರೆ ಏಳನೇ ಸಾಲಿನಲ್ಲಿ 97 ಬರುತ್ತದೆ.

ಪ್ರತಿ ಎರಡು ಸಾಲಿಗೊಮ್ಮೆ ಎಣಿಸಿ. ಪೂರ್ತಿ ಎಣಿಸಲು ಬೇಜಾರಾದರೆ ಇಪ್ಪತ್ತು ಕಂಬಕ್ಕೊಂದು ಬೇರೆ ಬಣ್ಣದ ದಾರದ ತುಂಡು ಕಟ್ಟಿ, ಸಾಲು ಏರಿದಂತೆ ಮೇಲಕ್ಕೆ ತಂದುಕೊಳ್ಳಿ. ಆಗ ಎರಡು ತುದಿಯ ತುಣುಕುಗಳನ್ನು ಎಣಿಸಿದರೆ ಸಾಕು, ಅಂಚಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಬಾರ್ಡರಿನಲ್ಲೂ ಇದೇ ಕಾಟ ಬರಬಹುದು

ಅಂಚು ನೆಟ್ಟಗಾದ ಮೇಲೆ ಸುತ್ತ ಸಿಂಗಲ್ ಕ್ರೋಶದ ಒಂದು ಸಾಲು ಹಾಕುತ್ತೇವೆ. ಪಕ್ಕದ ಅಂಚುಗಳಲ್ಲಿ ಕುಣಿಕೆ ಕಾಣುವುದಿಲ್ಲ, ಬರೀ ಕಂಬದ ಮಗ್ಗುಲು. ಎಲ್ಲರೂ ಸಾಲಿಗೆ ಎರಡು ಅಂತ ಹಾಕುತ್ತಾರೆ. ನಮ್ಮ ಅಳತೆಯಲ್ಲಿ 10 ಸೆಂಟಿಮೀಟರ್ ಎತ್ತರಕ್ಕೆ 8 ಸಾಲು. ಸಾಲಿಗೆ ಎರಡರಂತೆ ಹಾಕಿದರೆ 16 ಆಗುತ್ತದೆ. ಬಟ್ಟೆಗೆ ಬೇಕಾಗಿರುವುದು 14. ಜಾಸ್ತಿಯಾದದ್ದು ಅಲೆ ಅಲೆಯಾಗಿ ಏಳುತ್ತದೆ, ಚಾದರ ಮತ್ತೆ ಅಗಲವಾದಂತೆ ಕಾಣುತ್ತದೆ.

ನಾಲ್ಕು ಸಾಲಿಗೆ ಏಳು ಹಾಕಿ: ಎರಡು, ಎರಡು, ಎರಡು, ಒಂದು. 72 ಸಾಲಿನ ಚಾದರಕ್ಕೆ ಒಂದು ಪಕ್ಕಕ್ಕೆ 126 ಆಯಿತು. ಎರಡು ಪಕ್ಕಕ್ಕೂ ಅದೇ ಸಂಖ್ಯೆ ಬರಬೇಕು, ನಾಲ್ಕು ಮೂಲೆಗೂ ಒಂದೇ ಕುಣಿಕೆಯಲ್ಲಿ ಮೂರು ಮೂರು. ಒಂದು ಗೇಣು ಹಾಕಿದ ಮೇಲೆ ನೆಲಕ್ಕೆ ಹಾಸಿ ನೋಡಿ. ಬಾರ್ಡರ್ ಏಳುತ್ತಿದ್ದರೆ ಇನ್ನೂ ಕಮ್ಮಿ ಹಾಕಬೇಕು, ಅಂಚನ್ನು ಒಳಗೆ ಜಗ್ಗುತ್ತಿದ್ದರೆ ಜಾಸ್ತಿ. ಅಲ್ಲೇ ಸರಿಮಾಡಿಕೊಂಡು ಮುಂದಕ್ಕೆ ಹೋಗಿ.